ಹೆಸರಿಗಷ್ಟೇ ಮ್ಯಾನೇಜರ್: ಓವರ್‌ಟೈಮ್ ಯಾರಿಗೆ ಸಲ್ಲುತ್ತದೆ?

ಅಮೆರಿಕದಲ್ಲಿ ವಾರಕ್ಕೆ 40 ಗಂಟೆ ಮೀರಿ ದುಡಿದರೆ, ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ವೇತನ ಕೊಡಬೇಕು ಎನ್ನುತ್ತದೆ 1938ರ ಕೇಂದ್ರ ಕಾರ್ಮಿಕ ಕಾಯ್ದೆ. ಆಡಳಿತದ ಹೊಣೆ ಹೊತ್ತವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಸಂಬಳದ ನೌಕರ ಎಂಬ ಕಾರಣಕ್ಕಾಗಲಿ, ಮ್ಯಾನೇಜರ್ ಎಂಬ ಹುದ್ದೆಯ ಹೆಸರಿಗಾಗಲಿ ಈ ವಿನಾಯಿತಿ ಸಿಗದು. ವಾರಕ್ಕೆ ಕನಿಷ್ಠ 684 ಡಾಲರ್ ನಿಗದಿತ ಸಂಬಳವಿರಬೇಕು, ಇಬ್ಬರಾದರೂ ಪೂರ್ಣಾವಧಿ ನೌಕರರ ಮೇಲ್ವಿಚಾರಣೆಯಿರಬೇಕು, ನೇಮಕ ಮತ್ತು ವಜಾದ ವಿಷಯದಲ್ಲಿ ಆತನ ಮಾತಿಗೆ ತೂಕವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಡಳಿತವೇ ಆತನ ಪ್ರಧಾನ ಕೆಲಸವಾಗಿರಬೇಕು.

ವ್ಯಾಜ್ಯ ಹುಟ್ಟುವುದು ಹೆಚ್ಚಾಗಿ ಈ ಕೊನೆಯ ಷರತ್ತಿನಲ್ಲಿ. ಫ್ಯಾಮಿಲಿ ಡಾಲರ್ ಎಂಬ ಅಂಗಡಿ ಸರಣಿಯ 1,424 ಸ್ಟೋರ್ ಮ್ಯಾನೇಜರುಗಳ ಮೊಕದ್ದಮೆ ಇದಕ್ಕೆ ಹೆಸರಾದ ಉದಾಹರಣೆ. ಅವರು ವಾರಕ್ಕೆ 60ರಿಂದ 70 ಗಂಟೆ ದುಡಿಯುತ್ತಿದ್ದರು. ಅದರಲ್ಲಿ ಶೇ. 80ರಿಂದ 90ರಷ್ಟು ಸಮಯ ಲಾರಿಯಿಂದ ಸರಕು ಇಳಿಸುವುದು, ಕಪಾಟುಗಳಲ್ಲಿ ಜೋಡಿಸುವುದು, ಗಲ್ಲಾದಲ್ಲಿ ನಿಲ್ಲುವುದು, ನೆಲ ಒರೆಸುವುದರಲ್ಲೇ ಕಳೆಯುತ್ತಿತ್ತು. ಅಂಗಡಿ ಹೇಗೆ ನಡೆಯಬೇಕು, ನೌಕರರ ಸಂಬಳಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದನ್ನೆಲ್ಲ ಮೇಲಿನವರೇ ಗೊತ್ತುಮಾಡುತ್ತಿದ್ದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಪರವಾದ ತೀರ್ಪನ್ನೇ ಎತ್ತಿಹಿಡಿಯಿತು. ಕಂಪನಿ ತೆರಬೇಕಾದ ಮೊತ್ತ ಸುಮಾರು 3.56 ಕೋಟಿ ಡಾಲರ್. ಬಾಕಿ ಓವರ್‌ಟೈಮಿನಷ್ಟೇ ಮೊತ್ತದ ಪರಿಹಾರವೂ ಅದರಲ್ಲಿ ಸೇರಿತ್ತು.

ಹಾಗೆಂದು ಗಡಿಯಾರವೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಗಲ್ಲಾದಲ್ಲಿ ನಿಂತಿದ್ದಾಗಲೂ ಅಂಗಡಿಯ ಹೊಣೆ ಹೊತ್ತು, ಯಾವ ಕೆಲಸ ಯಾವಾಗ ಆಗಬೇಕೆಂದು ತಾನೇ ನಿರ್ಧರಿಸುವವನಿಗೆ ಓವರ್‌ಟೈಮ್ ಸಿಗದಿರಬಹುದು. ನ್ಯಾಯಾಲಯ ಆತನಿಗಿರುವ ಸ್ವಾತಂತ್ರ್ಯವನ್ನು ನೋಡುತ್ತದೆ. ಆತನ ಸಂಬಳವನ್ನು ದುಡಿದ ಗಂಟೆಗಳಿಂದ ಭಾಗಿಸಿ, ಕೈಕೆಳಗಿನವರ ಗಂಟೆಯ ಕೂಲಿಗಿಂತ ಅದೆಷ್ಟು ಹೆಚ್ಚೆಂದೂ ನೋಡುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಇನ್ನೂ ಬಿಗಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಆಡಳಿತದ ಕೆಲಸಕ್ಕೇ ಸಲ್ಲಬೇಕು.

ವಿನಾಯಿತಿ ಬಿದ್ದುಹೋದ ಮೇಲೆ ಬಾಕಿಯ ಲೆಕ್ಕ ಬರುತ್ತದೆ. ವಾರಕ್ಕೆ 800 ಡಾಲರ್ ಸಂಬಳದವನು 50 ಗಂಟೆ ದುಡಿದನೆನ್ನಿ. ಆ ಸಂಬಳ 40 ಗಂಟೆಗೆಂದಾದರೆ ಗಂಟೆಯ ದರ 20 ಡಾಲರ್, ಓವರ್‌ಟೈಮ್ ದರ 30. ಹತ್ತು ಗಂಟೆಗೆ 300 ಡಾಲರ್ ಬಾಕಿ. ದುಡಿದ ಎಲ್ಲ ಗಂಟೆಗಳಿಗೂ ಸೇರಿಯೇ ಆ ಸಂಬಳ ಎಂದಾದರೆ ದರ 16ಕ್ಕೆ ಇಳಿಯುತ್ತದೆ. ಮೂಲ ದರ ಆಗಲೇ ಸಂದಿರುವುದರಿಂದ ಉಳಿಯುವುದು ಅದರ ಅರ್ಧ, ಗಂಟೆಗೆ 8ರಂತೆ 80 ಡಾಲರ್ ಮಾತ್ರ. ಆದ್ದರಿಂದ ಸಂಬಳ ಎಷ್ಟು ಗಂಟೆಯ ದುಡಿಮೆಗೆ ಎಂಬ ಒಪ್ಪಂದವೇ ಇಲ್ಲಿ ಮುಖ್ಯವಾಗುತ್ತದೆ.

ಕೆಲಸದ ಗಂಟೆಗಳ ದಾಖಲೆ ಇಡುವ ಹೊಣೆ ಮಾಲೀಕನದು. ಆತ ಇಡದಿದ್ದರೆ ನೌಕರನ ಸಮಂಜಸ ಅಂದಾಜನ್ನೂ ನ್ಯಾಯಾಲಯ ಒಪ್ಪಬಹುದು. ಸಾಮಾನ್ಯವಾಗಿ ಹಿಂದಿನ ಎರಡು ವರ್ಷದ ಬಾಕಿ ಕೇಳಬಹುದು. ಮಾಲೀಕ ತಿಳಿದೂ ತಿಳಿದೂ ತಪ್ಪಿಸಿದ್ದರೆ ಮೂರು ವರ್ಷದ್ದು.