ಪೇಪರ್ ಓದುವ ಕೋಣೆಯ ನಿಜವಾದ ಖರ್ಚೆಷ್ಟು?

ಒಂದು ಊರಿನ ಗ್ರಂಥಾಲಯಕ್ಕೆ ವರ್ಷಕ್ಕೆ 24 ಲಕ್ಷ ರೂಪಾಯಿ ಖರ್ಚಾಗುತ್ತದೆ ಎಂದುಕೊಳ್ಳಿ. ವರ್ಷದಲ್ಲಿ ಜನ ಅದರ ಸೇವೆಯನ್ನು 80 ಸಾವಿರ ಸಲ ಬಳಸುತ್ತಾರೆ. ಭಾಗಿಸಿದರೆ ಸಲಕ್ಕೆ 30 ರೂಪಾಯಿ. ಆ 80 ಸಾವಿರದಲ್ಲಿ 40 ಸಾವಿರ ಬರೀ ದಿನಪತ್ರಿಕೆ ಓದಲು ಬಂದವರ ಲೆಕ್ಕ. ಹಾಗಾದರೆ ಅರ್ಧ ದುಡ್ಡು, ಅಂದರೆ 12 ಲಕ್ಷ, ಪೇಪರ್ ಓದುವವರಿಗೇ ಹೋಗುತ್ತಿದೆ, ಆ ಕೋಣೆ ಮುಚ್ಚಿದರೆ ಅಷ್ಟೂ ಉಳಿಯುತ್ತದೆ ಎಂದು ಬಜೆಟ್ ಸಭೆಯಲ್ಲಿ ಯಾರಾದರೂ ಎದ್ದು ಹೇಳಿದರೆ ಕೇಳಿದವರಿಗೆ ಸರಿಯೆನಿಸೀತು. ಭಾಗಾಕಾರದಲ್ಲಿ ತಪ್ಪಿಲ್ಲ. ತೀರ್ಮಾನ ಮಾತ್ರ ಪೂರ್ತಿ ತಪ್ಪು.

ಇದು ಲೆಕ್ಕ ಬಿಡಿಸಲೆಂದು ಊಹಿಸಿಕೊಂಡ ಗ್ರಂಥಾಲಯ. ಅಂಕಿಗಳನ್ನು ಸುಲಭವಾಗಲೆಂದು ದುಂಡಗೆ ಇಟ್ಟುಕೊಂಡಿದ್ದೇನೆ. ತಪ್ಪು ಮಾತ್ರ ಊಹೆಯದಲ್ಲ, ಸಾರ್ವಜನಿಕ ಕಚೇರಿಗಳಲ್ಲಿ ದಿನವೂ ಆಗುವಂಥದ್ದು. ಪೇಪರ್ ಓದಲು ಬಂದವರು ಕುರ್ಚಿ ಎಳೆದು ಕೂತು, ಓದಿ, ಎದ್ದು ಹೋಗುತ್ತಾರೆ. ಪುಸ್ತಕ ಒಯ್ಯುವವರಿಗಾಗಿ ಯಾರೋ ಆ ಪುಸ್ತಕ ಕೊಂಡಿರಬೇಕು, ದಾಖಲೆ ಮಾಡಿರಬೇಕು, ಕೌಂಟರಿನಲ್ಲಿ ಬರೆದುಕೊಡಬೇಕು, ಹಿಂದೆ ಬಂದಾಗ ಕಪಾಟಿಗೆ ಸೇರಿಸಬೇಕು. ಇವೆರಡಕ್ಕೂ ಒಂದೇ 30 ರೂಪಾಯಿ ಹಾಕಿದರೆ ಹಗುರದ ಸೇವೆ ಭಾರದ ಸೇವೆಯ ಖರ್ಚನ್ನು ಹೊರಬೇಕಾಗುತ್ತದೆ.

1980ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ ಕಂಡದ್ದೂ ಇದನ್ನೇ. ರಾಶಿ ರಾಶಿ ತಯಾರಾಗುವ ಸರಳ ವಸ್ತುವಿನ ಮೇಲೆ ಖರ್ಚು ಹೆಚ್ಚಾಗಿ ಬೀಳುತ್ತಿತ್ತು. ಅಪರೂಪಕ್ಕೆ ತಯಾರಾಗುವ, ತಾಪತ್ರಯ ಹೆಚ್ಚಿರುವ ವಸ್ತು ಅಗ್ಗವೆಂಬಂತೆ ತೋರುತ್ತಿತ್ತು. ಅವರು ಮುಂದಿಟ್ಟ ಪರಿಹಾರಕ್ಕೆ ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ ಎಂದು ಹೆಸರು. ಅದರ ತಿರುಳು ಇಷ್ಟು: ದುಡ್ಡನ್ನು ಮೊದಲು ಕೆಲಸಗಳಿಗೆ ಹಂಚಬೇಕು. ಆಮೇಲೆ ಯಾವ ಸೇವೆ ಯಾವ ಕೆಲಸವನ್ನು ಎಷ್ಟು ಬಳಸಿತು ಎಂದು ನೋಡಿ ಅಷ್ಟನ್ನು ಮಾತ್ರ ಅದರ ತಲೆಗೆ ಹಾಕಬೇಕು.

ಮೊದಮೊದಲು ಇದನ್ನು ಮಾಡುತ್ತಿದ್ದ ರೀತಿಯಲ್ಲಿ ಒಂದು ದೋಷವಿತ್ತು. ನಿಮ್ಮ ಸಮಯದಲ್ಲಿ ಶೇಕಡಾ ಎಷ್ಟು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಸಿಬ್ಬಂದಿಯನ್ನೇ ಕೇಳುತ್ತಿದ್ದರು. ಉತ್ತರ ಕೂಡಿಸಿದರೆ ಯಾವಾಗಲೂ ಸರಿಯಾಗಿ ನೂರು ಬರುತ್ತಿತ್ತು. ಕೆಲಸವಿಲ್ಲದ ಹೊತ್ತನ್ನು ಯಾರೂ ಬರೆಯುವುದಿಲ್ಲ, ಅದು ಮನುಷ್ಯಸಹಜ. 2004ರಲ್ಲಿ ಕಪ್ಲಾನ್ ಮತ್ತು ಸ್ಟೀವನ್ ಆ್ಯಂಡರ್ಸನ್ ಇದನ್ನು ಸರಳಗೊಳಿಸಿದರು. ಬೇಕಾದದ್ದು ಎರಡೇ ಸಂಗತಿ: ಒಂದು ನಿಮಿಷದ ದುಡಿಮೆಗೆ ಎಷ್ಟು ಖರ್ಚು, ಒಂದೊಂದು ಕೆಲಸಕ್ಕೆ ಎಷ್ಟು ನಿಮಿಷ. ಬೆಲ್ಜಿಯಂನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ, ಬೇರೆ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಡುವ ಸೇವೆಗೆ ಈ ಕ್ರಮವನ್ನು ಅನ್ವಯಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ನಮ್ಮ ಗ್ರಂಥಾಲಯಕ್ಕೆ ಬರೋಣ. ನಾಲ್ವರು ಸಿಬ್ಬಂದಿ, ಸಂಬಳ ವರ್ಷಕ್ಕೆ 14 ಲಕ್ಷ 40 ಸಾವಿರ. ಬಾಡಿಗೆ, ಕರೆಂಟು, ಕಸಗುಡಿಸುವುದು ಎಲ್ಲ ಸೇರಿ ಕಟ್ಟಡಕ್ಕೆ 4 ಲಕ್ಷ 80 ಸಾವಿರ. ಹೊಸ ಪುಸ್ತಕಕ್ಕೆ 3 ಲಕ್ಷ, ಪತ್ರಿಕೆಗಳಿಗೆ 1 ಲಕ್ಷ 20 ಸಾವಿರ, ಕಂಪ್ಯೂಟರ್ ಮತ್ತು ಇಂಟರ್‌ನೆಟ್ಟಿಗೆ 60 ಸಾವಿರ.

ಒಬ್ಬ ನೌಕರ ವರ್ಷಕ್ಕೆ ಸುಮಾರು 2,000 ಗಂಟೆ ಹಾಜರಿರುತ್ತಾನೆ. ರಜೆ, ಊಟ, ಸಭೆ, ತರಬೇತಿ ಕಳೆದರೆ ಕೈಗೆ ಸಿಗುವುದು 1,500 ಗಂಟೆ. ನಾಲ್ವರಿಂದ 6,000 ಗಂಟೆ, ಅಂದರೆ 3 ಲಕ್ಷ 60 ಸಾವಿರ ನಿಮಿಷ. ಸಂಬಳವನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ 4 ರೂಪಾಯಿ. ಕಟ್ಟಡಕ್ಕೂ ಇದೇ ರೀತಿ: 3,000 ಚದರಡಿ ಇದ್ದರೆ ಅಡಿಗೆ ವರ್ಷಕ್ಕೆ 160 ರೂಪಾಯಿ. ಇನ್ನು ಗಡಿಯಾರ ನೋಡುವುದು, ಟೇಪು ಹಿಡಿದು ಅಳೆಯುವುದು, ಅಷ್ಟೇ.

ಪೇಪರ್ ಕೋಣೆಯಿಂದ ಶುರುಮಾಡಿ. ಬೆಳಗ್ಗೆ ಪತ್ರಿಕೆಗಳಿಗೆ ಮುದ್ರೆ ಒತ್ತಿ, ಮೇಜಿಗೆ ಹಾಕಿ, ಸಂಜೆ ಒಟ್ಟುಮಾಡಿ ಹಳೆಯದನ್ನು ಜೋಡಿಸಿಡಲು ದಿನಕ್ಕೆ 50 ನಿಮಿಷ. ವರ್ಷಕ್ಕೆ 300 ದಿನವಾದರೆ 60 ಸಾವಿರ ರೂಪಾಯಿಯ ದುಡಿಮೆ. ಕೋಣೆ 600 ಚದರಡಿ, ಅದಕ್ಕೆ 96 ಸಾವಿರ. ಪತ್ರಿಕೆಗಳ ಬಿಲ್ಲು 1 ಲಕ್ಷ 20 ಸಾವಿರ. ಒಟ್ಟು 2 ಲಕ್ಷ 76 ಸಾವಿರ. ಸಭೆಯಲ್ಲಿ ಕೇಳಿಬಂದದ್ದು 12 ಲಕ್ಷ! ಒಬ್ಬ ಓದುಗನ ಒಂದು ಭೇಟಿಗೆ ಬೀಳುವುದು 7 ರೂಪಾಯಿಗಿಂತ ಕಡಿಮೆ.

ಪುಸ್ತಕ ಎರವಲಿನ ಕಥೆ ಇದಕ್ಕೆ ತದ್ವಿರುದ್ಧ. ವರ್ಷಕ್ಕೆ 16 ಸಾವಿರ ಸಲ ಪುಸ್ತಕ ಹೊರಗೆ ಹೋಗುತ್ತದೆ. ಕೊಟ್ಟು ತೆಗೆದುಕೊಳ್ಳಲು 4 ನಿಮಿಷ, ಹಿಂದೆ ಬಂದದ್ದನ್ನು ಕಪಾಟಿಗೆ ಸೇರಿಸಲು 3 ನಿಮಿಷ, ಅಂದರೆ ಸಲಕ್ಕೆ 28 ರೂಪಾಯಿ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಓದುಗರ ಕಣ್ಣಿಗೆ ಬೀಳದ ಕೆಲಸ ಹಿಂದಿದೆ. ಹೊಸ ಪುಸ್ತಕ ಬಂದರೆ ಅಕ್ಸೆಶನ್ ರಿಜಿಸ್ಟರಿಗೆ ಏರಿಸಬೇಕು, ವಿಷಯ ನೋಡಿ ವರ್ಗಸಂಖ್ಯೆ ಕೊಡಬೇಕು, ಸೂಚಿ ಮಾಡಬೇಕು, ಮುದ್ರೆ ಒತ್ತಿ ಬೆನ್ನಿಗೆ ಚೀಟಿ ಅಂಟಿಸಬೇಕು. ಪುಸ್ತಕಕ್ಕೆ 30 ನಿಮಿಷ ಹಿಡಿದರೂ 120 ರೂಪಾಯಿಯಾಯಿತು. ವರ್ಷಕ್ಕೆ 2,000 ಪುಸ್ತಕ ಕೊಂಡರೆ ಒಂದರ ಸರಾಸರಿ ಬೆಲೆ 150 ರೂಪಾಯಿ. ಪುಸ್ತಕವನ್ನು ಕೊಳ್ಳುವಷ್ಟೇ ಖರ್ಚು ಅದನ್ನು ಕಪಾಟಿಗೆ ತಲುಪಿಸಲೂ ಹತ್ತಿರ ಹತ್ತಿರ ಬೀಳುತ್ತದೆ ಎಂಬುದು ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅದು ಸಂಬಳ ಎಂಬ ಒಂದೇ ಸಾಲಿನೊಳಗೆ ಅಡಗಿರುತ್ತದೆ. ಸದಸ್ಯತ್ವ ಮಾಡಿಕೊಡುವುದು, ಬಾಕಿದಾರರಿಗೆ ಜ್ಞಾಪನ ಕಳಿಸುವುದು, ಪುಸ್ತಕದ ಬೆಲೆ, ಕಪಾಟುಗಳ ಜಾಗ ಎಲ್ಲವನ್ನೂ ಸೇರಿಸಿದಾಗ ಎರವಲು ಸೇವೆ 12 ಲಕ್ಷ 72 ಸಾವಿರಕ್ಕೆ ನಿಲ್ಲುತ್ತದೆ. ಸಲಕ್ಕೆ ಸುಮಾರು 80 ರೂಪಾಯಿ. ತಲೆಗೆ 30ರ ಲೆಕ್ಕದಲ್ಲಿ ಇದು ಬರೀ 4 ಲಕ್ಷ 80 ಸಾವಿರ ಎಂದು ತೋರುತ್ತಿತ್ತು.

ಹೊಸ ಪುಸ್ತಕದ ದುಡಿಮೆ ಸಣ್ಣದಲ್ಲ ಎಂಬುದನ್ನು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅವರ ಸಿಬ್ಬಂದಿ ಸೂತ್ರದಲ್ಲಿ ವರ್ಗೀಕರಣ ಮತ್ತು ಸೂಚೀಕರಣಕ್ಕೆ ವರ್ಷಕ್ಕೆ ಸುಮಾರು 2,000 ಪುಸ್ತಕಗಳಿಗೆ ಒಬ್ಬ ನೌಕರ. ಎರವಲು ಕೌಂಟರಿಗೆ ಅವರು ನೋಡಿದ್ದು ಕೌಂಟರ್ ತೆರೆದಿರುವ ಹೊತ್ತನ್ನು, 1,500 ಗಂಟೆಗೆ ಒಬ್ಬರು. ಕೆಲಸದಿಂದ ಕೆಲಸಕ್ಕೆ ಅಳತೆಗೋಲು ಬದಲಾಗಬೇಕೆಂಬ ವಿವೇಕ ಅದರಲ್ಲಿದೆ. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಮತ್ತು ಸಂಶೋಧನ ಕೇಂದ್ರವನ್ನು ಕಟ್ಟಿದವರೂ ಅವರೇ. ನಮ್ಮ ನೆಲದಲ್ಲೇ ಬೆಳೆದ ಆ ಲೆಕ್ಕದ ಶಿಸ್ತನ್ನು ನಾವು ಬಳಸದೆ ಕೂತಿದ್ದೇವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಉಳಿದ ಎರಡು ಸೇವೆಗಳನ್ನು ಬೇಗ ಮುಗಿಸೋಣ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆ ಒಬ್ಬರಿಗೆ ದಿನಕ್ಕೆ ಸುಮಾರು 17 ರೂಪಾಯಿಗೆ ಬರುತ್ತದೆ. ಕಂಪ್ಯೂಟರ್ ಸೇವೆ ಸಲಕ್ಕೆ 47 ರೂಪಾಯಿ, ಅದರಲ್ಲಿ ಬಹುಪಾಲು ಪಕ್ಕದಲ್ಲಿ ನಿಂತು ಅರ್ಜಿ ತುಂಬಲು ನೆರವಾಗುವ ಸಿಬ್ಬಂದಿಯ ನಿಮಿಷಗಳದ್ದು, ಯಂತ್ರದ್ದಲ್ಲ.

ಎಲ್ಲ ಕೂಡಿಸಿದ ಮೇಲೂ 62 ಸಾವಿರ ನಿಮಿಷ ಯಾವ ಸೇವೆಗೂ ಸೇರದೆ ಉಳಿಯುತ್ತದೆ. ಮೇಲಿನ ಕಚೇರಿಗೆ ವರದಿ ಬರೆಯುವುದು, ವಾರ್ಷಿಕ ಪುಸ್ತಕ ಪರಿಶೀಲನೆ, ಜನ ಬಾರದ ಮಧ್ಯಾಹ್ನಗಳು ಎಲ್ಲ ಅದರಲ್ಲಿವೆ. ಇದನ್ನು ಸೇವೆಗಳ ಮೇಲೆ ಹಂಚಿ ಮುಚ್ಚಿಹಾಕಬಾರದು, ಬೇರೆಯಾಗಿಯೇ ತೋರಿಸಬೇಕು. ಉಳಿಕೆ ಸೊನ್ನೆ ಬಂದರೆ ಯಾರೋ ಲೆಕ್ಕ ಹೊಂದಿಸಿದ್ದಾರೆ ಎಂದೇ ತಿಳಿಯಿರಿ. ಕೆಲಸಗಳ ಮೊತ್ತ ಲಭ್ಯವಿರುವ ನಿಮಿಷಗಳನ್ನು ಮೀರಿದರೆ ಒಂದೋ ನಿಮಿಷಗಳನ್ನು ಅಂದಾಜಿನಲ್ಲಿ ಬರೆದಿದ್ದಾರೆ, ಇಲ್ಲವೇ ಸಿಬ್ಬಂದಿ ಸಂಬಳವಿಲ್ಲದೆ ಹೆಚ್ಚು ಹೊತ್ತು ದುಡಿಯುತ್ತಿದ್ದಾರೆ. ಎರಡನೆಯದಾದರೆ ಅದು ಸಭೆಯ ಮುಂದೆ ಬರಲೇಬೇಕು.

ಈಗ ಮುಖ್ಯವಾದ ಎಚ್ಚರಿಕೆ. ಪೇಪರ್ ಕೋಣೆಯ ಖರ್ಚು 2 ಲಕ್ಷ 76 ಸಾವಿರ ಎಂದ ಮಾತ್ರಕ್ಕೆ ಅದನ್ನು ಮುಚ್ಚಿದರೆ ಅಷ್ಟು ಉಳಿಯುತ್ತದೆಯೇ? ಇಲ್ಲ. ದಿನದ 50 ನಿಮಿಷ ಉಳಿದರೂ ಸಂಬಳ ಕಡಿಮೆಯಾಗುವುದಿಲ್ಲ, ಕಟ್ಟಡದ ಬಾಡಿಗೆಯೂ ಅಷ್ಟೇ ಇರುತ್ತದೆ. ಬೊಕ್ಕಸಕ್ಕೆ ಉಳಿಯುವುದು ಪತ್ರಿಕೆಗಳ ಬಿಲ್ಲಿನ 1 ಲಕ್ಷ 20 ಸಾವಿರ ಮಾತ್ರ, ಕಳೆದುಹೋಗುವುದು 40 ಸಾವಿರ ಭೇಟಿ. ಸೇವೆಯ ಖರ್ಚು ಬೇರೆ, ಸೇವೆ ನಿಲ್ಲಿಸಿದರೆ ಆಗುವ ಉಳಿತಾಯ ಬೇರೆ. ಇವೆರಡನ್ನು ಕಲಸಿಕೊಂಡರೆ ಒಳ್ಳೆಯ ಲೆಕ್ಕವೂ ಕೆಟ್ಟ ತೀರ್ಮಾನಕ್ಕೆ ಸಾಕ್ಷಿ ಹೇಳುತ್ತದೆ.

ಹಾಗಾದರೆ ಲೆಕ್ಕದ ಉಪಯೋಗವೇನು? ಹೊಸ ಪುಸ್ತಕದ 30 ನಿಮಿಷವನ್ನೇ ನೋಡಿ. ಒಂದೇ ಪುಸ್ತಕ ಜಿಲ್ಲೆಯ ಹಲವು ಶಾಖೆಗಳಿಗೆ ಹೋದಾಗ ಪ್ರತಿ ಶಾಖೆಯೂ ಅದಕ್ಕೆ ಮತ್ತೆ ವರ್ಗಸಂಖ್ಯೆ ಹುಡುಕಿ ಸೂಚಿ ಮಾಡಬೇಕೇಕೆ? ಒಂದು ಕಡೆ ಮಾಡಿದ ದಾಖಲೆಯನ್ನು ಉಳಿದವರು ಬಳಸಿಕೊಂಡು 30 ನಿಮಿಷ 12ಕ್ಕೆ ಇಳಿಯಿತು ಎನ್ನೋಣ. ಪುಸ್ತಕಕ್ಕೆ 18 ನಿಮಿಷದಂತೆ 2,000 ಪುಸ್ತಕಕ್ಕೆ 600 ಗಂಟೆ ಬಿಡುವಾಯಿತು. ನಗದು ಒಂದು ಪೈಸೆಯೂ ಉಳಿಯಲಿಲ್ಲ. ಆದರೆ 300 ದಿನ, ದಿನಕ್ಕೆ 2 ಗಂಟೆ, ಒಬ್ಬ ನೌಕರನನ್ನು ಸಂಜೆ ಕೂರಿಸಲು ಆ 600 ಗಂಟೆ ಸಾಕು. ಕರೆಂಟಿನ ಖರ್ಚಷ್ಟು ಹೆಚ್ಚಾಗುತ್ತದೆ. ಮನೆಯಲ್ಲಿ ಓದಲು ಜಾಗವಿಲ್ಲದ ಪರೀಕ್ಷಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಈ ಕ್ರಮಕ್ಕೆ ಮಿತಿಗಳೂ ಇವೆ. ಸರಾಸರಿ ನಿಮಿಷ ಮೋಸ ಮಾಡಬಲ್ಲದು: ಬಾರ್‌ಕೋಡ್ ಇರುವ ಪುಸ್ತಕಕ್ಕೆ ಒಂದು ನಿಮಿಷ ಸಾಕು, ಕೈಬರಹದ ರಿಜಿಸ್ಟರಿಗೆ ಐದು ಬೇಕು. ಹಾಗಿದ್ದಲ್ಲಿ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಈ ವರ್ಷ ಕೊಂಡ ಪುಸ್ತಕ ಹತ್ತು ವರ್ಷ ಓಡಾಡುತ್ತದೆ. ಅದರ ಬೆಲೆಯನ್ನೆಲ್ಲ ಈ ವರ್ಷಕ್ಕೇ ಹಾಕಿದ್ದು ಸರಿಯಾಗುವುದು ಕೊಳ್ಳುವಿಕೆ ವರ್ಷವರ್ಷವೂ ಒಂದೇ ಸಮ ಇದ್ದಾಗ ಮಾತ್ರ. ಇನ್ನು ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಇಷ್ಟೆಲ್ಲ ಬೇಡವೇ ಬೇಡ. ಅಲ್ಲಿ ಅಳೆಯುವ ಶ್ರಮವೇ ಲಾಭಕ್ಕಿಂತ ಹೆಚ್ಚಾದೀತು.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಮನೆ ಇರುವವರೆಲ್ಲ ಅದನ್ನು ಕಟ್ಟುತ್ತಾರೆ, ಯಾವ ಸೇವೆಗೆ ಎಷ್ಟು ಹೋಯಿತೆಂದು ಕೇಳುವ ಹಕ್ಕು ಅವರಿಗಿದೆ. ನಗರ ಮತ್ತು ಜಿಲ್ಲಾ ಗ್ರಂಥಾಲಯಗಳ ಅಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ಬಜೆಟ್ಟಿಗೆ ಮೊದಲು ಸಾಮಾನ್ಯ ದಿನಗಳ ಒಂದು ವಾರ, ಪರೀಕ್ಷೆಯ ಕಾಲದ ಒಂದು ವಾರ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಸಿಬ್ಬಂದಿಯಿಂದ ಬರೆಸಿಡಿ. ಅದು ಒಬ್ಬರ ತಪ್ಪು ಹುಡುಕುವುದಕ್ಕಲ್ಲ ಎಂದು ಅವರಿಗೆ ಮೊದಲೇ ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ. ಆ ಹಾಳೆಯನ್ನು ಮುಂದಿಟ್ಟುಕೊಳ್ಳದೆ ಯಾವ ಕೋಣೆಯ ಬಾಗಿಲನ್ನೂ ಮುಚ್ಚಬೇಡಿ.