ಎಸ್‌ಡಿ ಕಾರ್ಡ್: ಪೋರ್ಟಬಲ್ಲೋ, ಅಡಾಪ್ಟಬಲ್ಲೋ?

32 ಜಿಬಿಯ ಹಳೆಯ ಆಂಡ್ರಾಯ್ಡ್ ಫೋನ್ ತುಂಬಿಹೋಗಿದೆ, 64 ಜಿಬಿಯ ಕಾರ್ಡ್ ತಂದು ಹಾಕಿದ್ದೀರಿ ಎನ್ನಿ. ಕೆಲವು ಫೋನ್‌ಗಳು ಆಗ ಒಂದು ಪ್ರಶ್ನೆ ಕೇಳುತ್ತವೆ: ಕಾರ್ಡನ್ನು ಪೋರ್ಟಬಲ್ ಆಗಿ ಬಳಸುತ್ತೀರಾ, ಫೋನಿನ ಒಳ ಸ್ಟೋರೇಜ್‌ಗೇ ಸೇರಿಸುತ್ತೀರಾ?

ಪೋರ್ಟಬಲ್ ಎಂದರೆ ಕಾರ್ಡ್ ಪೆನ್‌ಡ್ರೈವ್ ಇದ್ದಂತೆ. ಫೋಟೊ, ಹಾಡು ತುಂಬಿ, ತೆಗೆದು ಕಂಪ್ಯೂಟರಿಗೆ ಹಾಕಿದರೂ ತೆರೆದುಕೊಳ್ಳುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ DCIM ಫೋಲ್ಡರಿನ ಫೋಟೊಗಳನ್ನು ಮೊದಲು ಕಾರ್ಡಿಗೆ ಕಾಪಿ ಮಾಡಿ, ನಾಲ್ಕಾರು ಚಿತ್ರ ತೆರೆದು ನೋಡಿ, ಆಮೇಲೆ ಫೋನಿನಲ್ಲಿರುವುದನ್ನು ಅಳಿಸಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಕಾರ್ಡನ್ನು ಆಯ್ದರೆ ಹೊಸ ಫೋಟೊಗಳು ನೇರ ಅಲ್ಲಿಗೇ ಹೋಗುತ್ತವೆ.

ಆ್ಯಪ್‌ಗಳಿಗೂ ಜಾಗ ಬೇಕೆಂದರೆ ಅಡಾಪ್ಟಬಲ್. 2015ರ ಆಂಡ್ರಾಯ್ಡ್ 6ರಲ್ಲಿ ಬಂದ ಈ ಸೌಲಭ್ಯವನ್ನು ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಇದನ್ನು ಆಯ್ದರೆ ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗಿ, ಮುಂದೆ ಬರೆಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದರ ಕೀಲಿ ಇರುವುದು ಆ ಫೋನಿನೊಳಗೆ ಮಾತ್ರ. ಫೋನ್ ಕೆಟ್ಟರೆ ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದರೆ ಕಾರ್ಡಿನ ಫೋಟೊಗಳೂ ಹೋದಂತೆಯೇ. ಕಾರ್ಡ್ ನಿಧಾನದ್ದಾದರೆ ಅದಕ್ಕೆ ಸಾಗಿಸಿದ ಆ್ಯಪ್‌ಗಳು ತೆರೆಯುವಾಗ ತಡವರಿಸುತ್ತವೆ. ಹಾಗಾಗಿ A1 ಅಥವಾ A2 ಗುರುತಿನ ಕಾರ್ಡನ್ನೇ ಕೊಳ್ಳಿ. ಎಲ್ಲ ಆ್ಯಪ್‌ಗಳೂ ಕಾರ್ಡಿಗೆ ಹೋಗಲು ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಫೋಟೊ ಉಳಿಯಬೇಕೆಂದರೆ ಪೋರ್ಟಬಲ್ಲೇ ಸರಿ. ಅಡಾಪ್ಟಬಲ್ ಮಾಡುವುದೇ ಆದರೆ ಮೊದಲು ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.