ತಲೆಬರಹವನ್ನು ಗುರುತಿಸುವ ಬಗೆ

ಒಂದು ಗದ್ಯಭಾಗವನ್ನು ಕೊಟ್ಟು, ಅದರ ಒಂದೊಂದು ಪರಿಚ್ಛೇದಕ್ಕೂ ತಕ್ಕ ತಲೆಬರಹವನ್ನು ಪಟ್ಟಿಯಿಂದ ಆರಿಸಿರಿ ಎಂದು ಕೇಳುವ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲ ನೋಟಕ್ಕೆ ಬಹು ಸುಲಭವಾಗಿ ತೋರುತ್ತದೆ. ಉತ್ತರವು ಕಣ್ಣೆದುರಿಗೇ ಇದೆಯಲ್ಲ! ಆದರೆ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ, ಪ್ರಬಂಧವನ್ನು ಚೆನ್ನಾಗಿ ಬರೆದವರೂ ಇಲ್ಲಿ ಮುಗ್ಗರಿಸಿರುವುದನ್ನು ನಾವು ಕಂಡಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಇಂಗ್ಲಿಷಿನಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ. ವಿದೇಶದ ವಿಶ್ವವಿದ್ಯಾಲಯಗಳಿಗೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ವಾಚನ ವಿಭಾಗದಲ್ಲಿ 60 ನಿಮಿಷಗಳಲ್ಲಿ 40 ಪ್ರಶ್ನೆಗಳನ್ನು ಬಿಡಿಸಬೇಕು. ಅವುಗಳ ನಡುವೆ ಈ ಬಗೆಯ ಪ್ರಶ್ನೆಯೂ ಬರುವುದುಂಟು. ಅಲ್ಲಿಯೂ ಪರಿಚ್ಛೇದಗಳಿಗಿಂತ ತಲೆಬರಹಗಳ ಸಂಖ್ಯೆಯೇ ಹೆಚ್ಚು. ಉಳಿಯುವ ತಲೆಬರಹಗಳನ್ನು ಓದುಗನನ್ನು ದಾರಿ ತಪ್ಪಿಸುವುದಕ್ಕೆಂದೇ ಇಟ್ಟಿರುತ್ತಾರೆ.

ಮಾತಿಗಿಂತ ಉದಾಹರಣೆ ಮೇಲು. ನಾವು ವಾಸಿಸುವ ಮುಂಬಯಿಯ ನೀರಿನ ಕಥೆಯನ್ನೇ ಮೂರು ಪರಿಚ್ಛೇದಗಳಾಗಿ ಇಲ್ಲಿ ಬರೆದಿದ್ದೇವೆ.

(ಅ) ಮುಂಬಯಿಯ ಸುತ್ತ ಎತ್ತ ನೋಡಿದರೂ ನೀರೇ ನೀರು. ಆದರೆ ಆ ನೀರಿನಲ್ಲಿ ಒಂದು ಗುಟುಕನ್ನೂ ಕುಡಿಯುವಂತಿರಲಿಲ್ಲ. ಹಿಂದಿನ ಜನರು ಊರೊಳಗಿನ ಬಾವಿಗಳನ್ನೂ ಕೆರೆಗಳನ್ನೂ ನಂಬಿ ಬಾಳಬೇಕಾಗಿತ್ತು. ಮಳೆ ಕೈಕೊಟ್ಟ ವರ್ಷ ಬೇಸಗೆಯಲ್ಲಿ ಅವು ಬತ್ತಿಹೋಗುತ್ತಿದ್ದವು.

(ಆ) ಊರಿನ ಹೊರಗಿನಿಂದ ನೀರನ್ನು ತರದೆ ಬೇರೆ ಉಪಾಯವಿಲ್ಲವೆಂದು ಕೊನೆಗೆ ಮನವರಿಕೆಯಾಯಿತು. 1856ರಲ್ಲಿ ಮಿಠಿ ನದಿಯ ಕಣಿವೆಯಲ್ಲಿ ಕಟ್ಟೆಯ ಕೆಲಸ ಆರಂಭವಾಗಿ 1860ರಲ್ಲಿ ವಿಹಾರ ಸರೋವರ ಸಿದ್ಧವಾಯಿತು. ಅದೂ ಸಾಲದೆ ತುಳಸಿ ಸರೋವರವನ್ನು ಕಟ್ಟಿದರು. 1892ರಲ್ಲಿ ಇನ್ನೂ ದೂರದ ತಾನಸಾದಿಂದ ಕೊಳವೆಗಳ ಮೂಲಕ ನೀರು ಬಂದಿತು.

(ಇ) ಧೋಬಿ ತಲಾವಿಗೆ ಹೋದವನಿಗೆ ಇಂದು ಬಟ್ಟೆ ಒಗೆಯುವ ಅಗಸರೂ ಕಾಣರು, ಕೆರೆಯೂ ಕಾಣದು. 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆ ಮೊಳಗಿದ ಗೋವಾಲಿಯಾ ಟ್ಯಾಂಕ್ ಬರಿಯ ಮೈದಾನ. ಮಣ್ಣು ತುಂಬಿ ಮುಚ್ಚಿದ ಕೆರೆಗಳು ಜನರ ನಾಲಿಗೆಯ ಮೇಲೆ ಮಾತ್ರ ಇನ್ನೂ ಇವೆ.

ಇನ್ನು ತಲೆಬರಹಗಳು ಆರು: (1) ಮುಂಬಯಿಯನ್ನು ಸುತ್ತುವರಿದ ಕಡಲು, (2) ವಿಹಾರ ಸರೋವರದ ನಿರ್ಮಾಣ, (3) ನಾಮಮಾತ್ರವಾಗಿ ಉಳಿದ ಜಲಾಶಯಗಳು, (4) ಸಿಹಿನೀರಿನ ಅಭಾವ, (5) ಅಗಸರ ಕಸುಬು, (6) ದೂರದ ಮೂಲಗಳ ಆಶ್ರಯ.

ಮೊದಲು ಆರನ್ನೂ ಒಮ್ಮೆ ಓದಿ ಪ್ರತಿಯೊಂದರ ಮುಖ್ಯ ಪದಕ್ಕೆ ಅಡಿಗೆರೆ ಎಳೆಯಬೇಕು: ಕಡಲು, ವಿಹಾರ, ನಾಮಮಾತ್ರ, ಅಭಾವ, ಕಸುಬು, ದೂರ. ಆಮೇಲೆ ಪಟ್ಟಿಯ ಮೇಲೆ ಅಂಗೈಯಿಟ್ಟು ಮುಚ್ಚಿ ಪರಿಚ್ಛೇದವನ್ನು ಓದಬೇಕು. ಇದನ್ನು ಕೇಳಿ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಪಟ್ಟಿ ತೆರೆದಿದ್ದರೆ ಕಣ್ಣು ಪದೇ ಪದೇ ಅಲ್ಲಿಗೆ ಓಡಿ, ಅಲ್ಲಿಯ ಪದವನ್ನೇ ಪರಿಚ್ಛೇದದಲ್ಲಿ ಹುಡುಕತೊಡಗುತ್ತದೆ. ಹುಡುಕಬೇಕಾದದ್ದು ಪದವಲ್ಲ, ಕೇಂದ್ರವಾಕ್ಯ. ಪರಿಚ್ಛೇದದ ಉಳಿದ ವಾಕ್ಯಗಳೆಲ್ಲ ಯಾವ ಒಂದು ವಾಕ್ಯದ ಸೇವೆಗೆ ನಿಂತಿವೆಯೋ ಅದೇ ಕೇಂದ್ರವಾಕ್ಯ.

ಅದು ಮೊದಲನೆಯ ವಾಕ್ಯವೇ ಆಗಿರುತ್ತದೆಂದು ಅನೇಕರು ನಂಬಿದ್ದಾರೆ. (ಆ)ದಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ. (ಅ)ದಲ್ಲಿ ಮಾತ್ರ ಅದನ್ನು ನಂಬಿದವನು ‘ಸುತ್ತುವರಿದ ಕಡಲು’ ಎಂಬುದನ್ನು ಆರಿಸಿ ಮೋಸಹೋಗುತ್ತಾನೆ. ಅಲ್ಲಿ ಎರಡನೆಯ ವಾಕ್ಯದ ಮೊದಲಿಗೆ ‘ಆದರೆ’ ಎಂಬ ಸಣ್ಣ ಮಾತು ಇದೆಯಷ್ಟೆ? ಲೇಖಕನು ಒಂದನ್ನು ಹೇಳಿದಂತೆ ಮಾಡಿ ಇನ್ನೊಂದರ ಕಡೆಗೆ ತಿರುಗುವ ಸ್ಥಳ ಅದು. ‘ಆದರೆ’, ‘ಆದರೂ’, ‘ಹೀಗಿದ್ದರೂ’ ಎಂಬವು ಬಂದಲ್ಲಿ ಹಿಂದಿನ ವಾಕ್ಯವನ್ನು ಪೀಠಿಕೆಯೆಂದು ತಿಳಿದು ಮುಂದಿನದನ್ನು ಹಿಡಿಯಬೇಕು. (ಇ)ದಲ್ಲಿ ಮೊದಲೆರಡು ವಾಕ್ಯಗಳು ಉದಾಹರಣೆಗಳು. ಅವೆರಡನ್ನೂ ಕೂಡಿಸಿ ಹೇಳುವ ಮಾತು ಕೊನೆಗೆ ಬಂದಿದೆ. ಊರ ಹೆಸರು, ಇಸವಿ, ವ್ಯಕ್ತಿ ಎಂದು ಬಿಡಿಬಿಡಿ ಸಂಗತಿಗಳಿಂದ ಪರಿಚ್ಛೇದ ಆರಂಭವಾದರೆ ಕೊನೆಯ ವಾಕ್ಯವನ್ನು ತಪ್ಪದೆ ನೋಡಬೇಕು.

ಕೇಂದ್ರವಾಕ್ಯ ಸಿಕ್ಕಿದ ಮೇಲೆ ಅದನ್ನು ಮೂರು ನಾಲ್ಕು ಪದಗಳಲ್ಲಿ ನಮ್ಮ ಮಾತಿನಲ್ಲೇ ಹೇಳಿಕೊಂಡು ನಂತರ ಕೈ ತೆಗೆದು ಪಟ್ಟಿಯನ್ನು ನೋಡಬೇಕು. (ಅ)ಕ್ಕೆ ನಾವು ‘ಕುಡಿಯಲು ನೀರಿರಲಿಲ್ಲ’ ಎಂದುಕೊಂಡೆವು. ಪಟ್ಟಿಯಲ್ಲಿ ಅದೇ ಅರ್ಥ ‘ಸಿಹಿನೀರಿನ ಅಭಾವ’ ಎಂಬ ಬೇರೆ ಉಡುಪು ತೊಟ್ಟು ಕುಳಿತಿದೆ. ಇದನ್ನೇ ಮಾತು ಬದಲಿಸಿ ಹೇಳುವುದು ಎನ್ನುತ್ತೇವೆ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ಅನುಕೂಲವಿದೆ. ಗದ್ಯದೊಳಗೆ ಅಚ್ಚಗನ್ನಡದ ಕ್ರಿಯಾಪದ ಬಂದಿದ್ದರೆ ತಲೆಬರಹದಲ್ಲಿ ಅದು ಹಲವು ವೇಳೆ ಸಂಸ್ಕೃತದ ನಾಮಪದವಾಗಿ ಬರುತ್ತದೆ. ‘ಇರಲಿಲ್ಲ’ ಎಂಬುದು ‘ಅಭಾವ’ವಾಯಿತು; ‘ಹೊರಗಿನಿಂದ ತರುವುದು’ ಎಂಬುದು ‘ದೂರದ ಮೂಲಗಳ ಆಶ್ರಯ’ವಾಯಿತು; ‘ನಾಲಿಗೆಯ ಮೇಲೆ ಮಾತ್ರ’ ಇರುವುದು ‘ನಾಮಮಾತ್ರ’ವಾಯಿತು. ಮೂರು ಕೇಂದ್ರವಾಕ್ಯಗಳಲ್ಲಿಯೂ ಮುಖ್ಯ ಪದವೊಂದೂ ಹಾಗೆ ಹಾಗೆಯೇ ಮರುಕಳಿಸಿಲ್ಲ ಎಂಬುದನ್ನು ಗಮನಿಸಿರಿ.

ಇದಕ್ಕೆ ವಿರುದ್ಧವಾಗಿ ‘ಅಗಸರ ಕಸುಬು’ ಎಂಬಲ್ಲಿ ಅಗಸರೆಂಬ ಪದ ಪರಿಚ್ಛೇದದಿಂದಲೇ ಬಂದಿದೆ. ಪದ ಒಂದೇ ಆದ ಮಾತ್ರಕ್ಕೆ ಒಪ್ಪುವವರು ಹೆಚ್ಚು. ನಮಗಂತೂ ಅಂಥ ಹೋಲಿಕೆ ಕಂಡೊಡನೆ ಸಂಶಯ ಹುಟ್ಟುತ್ತದೆ. ಎಲ್ಲ ಸಲವೂ ಅದು ಬಲೆಯೆಂದಲ್ಲ, ಪರೀಕ್ಷಿಸದೆ ಬಿಡಬಾರದೆಂದಷ್ಟೆ.

ಎಲ್ಲಕ್ಕಿಂತ ಕಠಿನವಾದ ಬಲೆ ‘ವಿಹಾರ ಸರೋವರದ ನಿರ್ಮಾಣ’. ಅದು ಸುಳ್ಳಲ್ಲ, (ಆ)ದಲ್ಲಿ ಆ ಸಂಗತಿ ಇದ್ದೇ ಇದೆ. ಬುದ್ಧಿವಂತ ವಿದ್ಯಾರ್ಥಿಗಳು ಬೀಳುವುದು ಇಲ್ಲಿಯೇ. ಇದಕ್ಕೆ ನಾವು ಒಂದು ಪರೀಕ್ಷೆಯನ್ನು ಹೇಳಿಕೊಡುತ್ತೇವೆ: ತಲೆಬರಹವನ್ನು ಮೇಲಿಟ್ಟು ಅದರ ಕೆಳಗೆ ಒಂದೊಂದೇ ವಾಕ್ಯವನ್ನು ಓದಿ, ‘ಈ ವಾಕ್ಯಕ್ಕೆ ಇಲ್ಲಿ ಜಾಗವಿದೆಯೆ?’ ಎಂದು ಕೇಳಬೇಕು. ವಿಹಾರದ ಹೆಸರಿನ ಕೆಳಗೆ ತುಳಸಿಗೂ ತಾನಸಾಕ್ಕೂ ಜಾಗವಿಲ್ಲ. ‘ದೂರದ ಮೂಲಗಳ ಆಶ್ರಯ’ದ ಕೆಳಗೆ ಮೂರಕ್ಕೂ ಇದೆ. ಎರಡು ವಾಕ್ಯಗಳನ್ನು ಹೊರಗೆ ನಿಲ್ಲಿಸುವ ತಲೆಬರಹ ಆ ಮನೆಗೆ ಚಿಕ್ಕ ಸೂರು. ಹಾಗೆಂದು ‘ಮುಂಬಯಿಯ ನೀರು’ ಎಂಬಂಥ ತಲೆಬರಹ ಪಟ್ಟಿಯಲ್ಲಿದ್ದರೆ ಅದು ಮೂರು ಪರಿಚ್ಛೇದಗಳಿಗೂ ಸಲ್ಲುವುದರಿಂದ ಯಾವ ಒಂದಕ್ಕೂ ಸಲ್ಲದು.

ಎರಡರ ನಡುವೆ ಮನಸ್ಸು ತೂಗಿದಾಗ ಎರಡರ ಸಂಖ್ಯೆಯನ್ನೂ ಅಂಚಿನಲ್ಲಿ ಬರೆದು ಮುಂದಕ್ಕೆ ಹೋಗುವುದು ಒಳ್ಳೆಯದು. ಒಂದು ತಲೆಬರಹವನ್ನು ಒಂದೇ ಸಲ ಬಳಸಬೇಕಾದ್ದರಿಂದ ಒಂದು ಕಡೆ ಮಾಡಿದ ತಪ್ಪು ಇನ್ನೊಂದು ಕಡೆಯ ಸರಿಯುತ್ತರವನ್ನೂ ಕಸಿದುಕೊಳ್ಳುತ್ತದೆ. ನಿಶ್ಚಯವಾದವುಗಳನ್ನು ಮೊದಲು ಮುಗಿಸಿದರೆ, ಅಂಚಿನಲ್ಲಿದ್ದ ಎರಡರಲ್ಲಿ ಒಂದು ಅಷ್ಟರಲ್ಲಿ ಬೇರೆ ಮನೆ ಸೇರಿರುವುದೂ ಉಂಟು.

ಕೇಂದ್ರವಾಕ್ಯವೇ ಇಲ್ಲದ ಪರಿಚ್ಛೇದಗಳೂ ಇವೆ. ಕಥೆಯಲ್ಲಿ ಹುಡುಗನೊಬ್ಬನು ಮುಂಜಾನೆ ನಾಲ್ಕಕ್ಕೆ ಎದ್ದನು, ಕೊಡ ಹಿಡಿದು ನಲ್ಲಿಯ ಸಾಲಿನಲ್ಲಿ ನಿಂತನು, ನೀರು ನಿಂತ ಮೇಲೆ ಬರಿಯ ಕೊಡದೊಡನೆ ಶಾಲೆಗೆ ತಡವಾಗಿ ಬಂದನು ಎಂದಿಷ್ಟೇ ಇರಬಹುದು. ಯಾವ ವಾಕ್ಯಕ್ಕೂ ಇಲ್ಲಿ ಅಡಿಗೆರೆ ಎಳೆಯಲಾಗದು. ಎಲ್ಲವನ್ನೂ ಓದಿ, ಬರೆಯದೆ ಬಿಟ್ಟ ಆ ಒಂದು ವಾಕ್ಯವನ್ನು ಓದುಗನೇ ರಚಿಸಿಕೊಂಡು ಪಟ್ಟಿಯ ಕಡೆಗೆ ಹೋಗಬೇಕಾಗುತ್ತದೆ.